ವಾಷಿಂಗ್ ಮಷಿನ್ ಪಕ್ಕದ ಚೀಟಿ

ಹಿಂದವಾಡಿಯ ನಮ್ಮ ಮನೆಗೆ ವಾಷಿಂಗ್ ಮಷಿನ್ ಬಂದ ವಾರ, ಖಾನಾಪುರದಿಂದ ಬಸ್ಸಿನಲ್ಲಿ ಬರುವ ಕೆಲಸದಾಕೆಗಾಗಿ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳಿಗೆ ಇದೇನು ಮಹಾ ಎಂಬ ಧಿಮಾಕು ನನಗೆ.

"ಜೇಬು ನೋಡಿ ಬಟ್ಟೆ ಸಡಿಲವಾಗಿ ಹಾಕು. ಒಂದು ಅಳತೆ ಪುಡಿ ಹಾಕಿ, ನಳ ಬಿಟ್ಟು, ಮುಚ್ಚಳ ಮುಚ್ಚು. ಕೈ ಒರೆಸಿಕೊಂಡೇ ಸ್ವಿಚ್ ಹಾಕು. ಡ್ರಮ್ ಪೂರ್ತಿ ನಿಲ್ಲುವವರೆಗೆ ಒಳಗೆ ಕೈ ಹಾಕಬೇಡ. ಮುಗಿದ ಮೇಲೆ ನಳ ಬಂದ್ ಮಾಡು. ಮಷಿನ್ ಒರೆಸುವ ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆ. ಮೇಲೆ ನೀರು ಸುರಿಯಲೇಬೇಡ."

ಆಕೆ ದಿನಾ ಅದನ್ನು ಓದಿಯೇ ಕೆಲಸ ಶುರು ಮಾಡುತ್ತಿದ್ದಳು.

ಆಯುಧ ಪೂಜೆಯ ಬೆಳಿಗ್ಗೆ ಸ್ಕೂಟರ್ ತೊಳೆದ ಹುರುಪಿನಲ್ಲಿ, ತುಂಬಿದ ತಂಬಿಗೆ ಹಿಡಿದು ಮಷಿನ್ ಕಡೆಗೂ ನಡೆದೆ.

"ನಿಂದರ್ರಿ ಅಕ್ಕಾರ," ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಸ್ವಿಚ್ ಆರಿಸಿದಳು, ಪ್ಲಗ್ ತೆಗೆದಳು. ನನ್ನ ತಂಬಿಗೆ ಇಸಿದುಕೊಂಡು, ಹಿಂಡಿದ ಅರಿವೆ ಕೈಗಿಟ್ಟಳು.

"ವರ್ಷಕ್ಕೊಮ್ಮಿ ಪೂಜಿ. ತೊಳೀದಿದ್ರ ಹ್ಯಾಂಗ?" ಎಂದು ರೇಗಿದೆ.

ಆಕೆ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇದು ಚೀಟಿ ಬರದವ್ರಿಗೆ ಲಾಗೂ ಇಲ್ಲೇನ್ರಿ?"

ನಾನು ಆ ಅರಿವೆಯಿಂದಲೇ ಮಷಿನ್ ಒರೆಸಿದೆ. ವಿಭೂತಿಯನ್ನು ಮಾತ್ರ ಅವಳ ಕೈಯಿಂದಲೇ ಹಚ್ಚಿಸಿದೆ.