ಕೆಮ್ಮಣ್ಣಿನಡಿಯ ಕೆಂಪು

ನನ್ನ ವಾರಗಿತ್ತಿ ಆಶಾ ಕಾರ್ಯಕರ್ತೆಯಾದ ಮೇಲೆ ನನ್ನ ಹೊಟ್ಟೆಯ ಉರಿ ಆರಿದ್ದೇ ಇಲ್ಲ. ಹಿರಿಸೊಸೆ ನಾನು, ಮನೆಗೆ ಮೊದಲು ಬಂದವಳು ನಾನು. ಆದರೆ ಗುಲಾಬಿ ಸೀರೆ ಉಟ್ಟು ಹೆಗಲಿಗೆ ಚೀಲ ಹಾಕಿ ಅವಳು ಹೊರಟರೆ ಚುಂಚನಕಟ್ಟೆ ರಸ್ತೆಯುದ್ದಕ್ಕೂ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಮ್ಮತ್ತೆಗಂತೂ ತಲೆನೋವು ಬಂದರೂ ಅವಳೇ ಬೇಕು. ಹದಿನೆಂಟು ವರ್ಷ ಮುದ್ದೆ ತಿರುವಿದ ನನ್ನ ಕೈಗೆ ಯಾರೂ ಎರಡು ಒಳ್ಳೆ ಮಾತು ಹೇಳಿದವರಿಲ್ಲ.

ಆ ವರ್ಷ ನಾಟಿ ಮುಗಿದಾಗ ನನ್ನ ಎಡಗಾಲಿನ ಬೆರಳ ಸಂದಿಗಳನ್ನು ಕೆಸರು ತಿಂದಿತ್ತು. ನಾಟಿ ಮಾಡುವವರಿಗೆ ಇದೇನು ಹೊಸದಲ್ಲವಲ್ಲ, ಎಣ್ಣೆ ಸವರಿ ಸುಮ್ಮನಾದೆ. ಒಂದು ಬೆಳಿಗ್ಗೆ ಎದ್ದರೆ ಮೈ ಗಡಗಡ ನಡುಗುತ್ತಿದೆ, ಜ್ವರ. ಕಾಲ ಹರಡಿನ ಸುತ್ತ ಕೆಂಪಗೆ ಊದಿದೆ, ಮುಟ್ಟಿದರೆ ಒಲೆಯ ಪಕ್ಕದ ಗೋಡೆಯಷ್ಟು ಬಿಸಿ.

"ಚಿಕ್ಕೋಳಿಗೆ ಒಂದ್ಸಲ ತೋರ್ಸವ್ವ," ಎಂದರು ಅತ್ತೆ.

ಆ ಮಾತೇ ಸಾಕಾಯಿತು ನನಗೆ. ಅವಳ ಮುಂದೆ ಕಾಲು ಚಾಚಿ ಕೂರುವುದೇ? ಅವಳು ಕೆ.ಆರ್. ನಗರಕ್ಕೆ ಮೀಟಿಂಗಿಗೆ ಹೋದದ್ದೇ ತಡ, ಕುಂಟಿಕೊಂಡು ಊರ ಕೊನೆಯಲ್ಲಿ ಹಳ್ಳಿಮದ್ದು ಕೊಡುವ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಕನ್ನಡಕವಿಲ್ಲದ ಕಣ್ಣಲ್ಲೇ ನೋಡಿ, "ಸರ್ಪಸುತ್ತು ಕಣವ್ವ, ಸುತ್ತು ಕೂಡ್ಕಳಕ್ಕೆ ಮುಂಚೆ ಕಟ್ಟಾಕ್ಬೇಕು," ಎಂದು ಹರಡಿನಿಂದ ಮೀನಖಂಡದವರೆಗೆ ಕೆಮ್ಮಣ್ಣು ದಪ್ಪಗೆ ಬಳಿದಳು. ತಣ್ಣಗಿತ್ತು. ವಾರಗಿತ್ತಿಯಿಲ್ಲದೆಯೂ ನನ್ನ ಕೆಲಸ ಆಯಿತೆಂದು ಹೆಮ್ಮೆಯೂ ಆಯಿತು.

ಮಾರನೆಯ ಬೆಳಿಗ್ಗೆ ಒಣಗಿದ ಮಣ್ಣು ಬಿರುಕು ಬಿಟ್ಟಿತ್ತು. ಒಳಗೆ ಏನಾಗಿದೆಯೋ ಕಾಣುತ್ತಿರಲಿಲ್ಲ, ನೋವು ಮಾತ್ರ ಮೇಲಕ್ಕೆ ಹತ್ತುತ್ತಿತ್ತು. ತೊಡೆಸಂದಿಯಲ್ಲಿ ಗಂಟು ಕಟ್ಟಿತ್ತು. ಹಜಾರದ ಕಂಬ ಹಿಡಿದು ನಿಲ್ಲಲಾರದೆ ಕೂತವಳನ್ನು ವಾರಗಿತ್ತಿ ನೋಡಿಬಿಟ್ಟಳು.

"ಅಕ್ಕ, ಇದೇನಿದು? ಕೆಂಪಿನ ಮೇಲೆ ಕೆಂಪು ಬಳ್ಕಂಡ್ರೆ ಊತ ಮೇಲಕ್ಕತ್ತೋದು ಹೆಂಗ್ ಕಾಣ್ತದೆ?"

"ನಿಂಗ್ಯಾಕೆ? ನನ್ ಕಾಲು."

ಅವಳು ಉಗುರುಬೆಚ್ಚನೆ ನೀರು ತಂದು ಮೆಲ್ಲಗೆ ತೊಳೆದಳು. ಮಣ್ಣು ಹೋದ ಮೇಲೆ ನನಗೂ ಕಂಡಿತು. ಅಜ್ಜಿ ಬಳಿದ ಅಂಚನ್ನೂ ದಾಟಿ ಕೆಂಪು ಮೊಣಕಾಲಿನ ಹತ್ತಿರ ಬಂದಿತ್ತು.

"ಸರ್ಪಸುತ್ತಾದ್ರೆ ಸಾಲಾಗಿ ನೀರುಗುಳ್ಳೆ ಏಳ್ತವೆ. ಇದು ಬ್ಯಾರೆ ಥರ ಅದೆ ಕಣಕ್ಕ, ಈಗ್ಲೇ ಹೋಗನ," ಎಂದವಳು ಚೀಲದಿಂದ ಬಾಲ್‌ಪೆನ್ ತೆಗೆದು ಕೆಂಪಿನ ಅಂಚಿಗೆ ಸರಿಯಾಗಿ ಗೆರೆ ಎಳೆದಳು, ಪಕ್ಕದಲ್ಲಿ ಆಗ ಎಷ್ಟು ಗಂಟೆಯೆಂದು ಬರೆದಳು.

ಆಟೋದಲ್ಲಿ ಕೆ.ಆರ್. ನಗರದ ಆಸ್ಪತ್ರೆಗೆ ಹೋಗಿ, ಸರದಿ ಬರುವಷ್ಟರಲ್ಲಿ ಕೆಂಪು ಆ ಗೆರೆಯನ್ನು ಅರ್ಧ ಬೆರಳಿನಷ್ಟು ದಾಟಿತ್ತು. ಡಾಕ್ಟರು ಗೆರೆ ನೋಡಿದರು, ಗಂಟೆ ನೋಡಿದರು, ಬೆರಳ ಸಂದಿ ಬಿಡಿಸಿ ನೋಡಿದರು. "ಸೆಲ್ಯುಲೈಟಿಸ್. ಬೆರಳ ಸಂದಿಯ ಬಿರುಕಿನಿಂದ ಕ್ರಿಮಿ ಒಳಗೆ ಹೋಗಿ ಚರ್ಮದಡಿ ಹಬ್ಬಿದೆ. ಇನ್ನೂ ಬಿಟ್ಟಿದ್ದರೆ ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ಬರ್ತಿತ್ತು," ಎಂದು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬರೆದು, ಅಡ್ಮಿಟ್ ಮಾಡಿ, ನರಕ್ಕೆ ಆ್ಯಂಟಿಬಯೋಟಿಕ್ ಹಾಕಿಸಿದರು. ಕಾಲು ದಿಂಬಿನ ಮೇಲೆ ಎತ್ತಿಡಬೇಕಂತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಹೊಟ್ಟೆಕಿಚ್ಚಿಗೆ ಕಾಲನ್ನೇ ಕೊಡಲು ಹೊರಟಿದ್ದೆ.

ಅಷ್ಟಾದರೂ ಬುದ್ಧಿ ಬಂತೆಂದು ತಿಳಿಯಬೇಡಿ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅವಳೇ. ನರ್ಸಮ್ಮ ಅವಳನ್ನು ಹೆಸರು ಹಿಡಿದು ಕರೆಯುವುದೇನು, ಪಕ್ಕದ ಹಾಸಿಗೆಯವಳು "ಇಂಥ ತಂಗಿ ಪುಣ್ಯ ಮಾಡಿದ್ರೆ ಸಿಗ್ತಾಳೆ" ಅನ್ನುವುದೇನು! ಗೆರೆ ಮಾಸಿದಾಗಲೆಲ್ಲ ಅವಳು ಬಗ್ಗಿ ತಿದ್ದುತ್ತಿದ್ದಳು, ನಾನು ಮುಖ ಆ ಕಡೆ ತಿರುಗಿಸುತ್ತಿದ್ದೆ.

ಮೂರನೆಯ ದಿನ ಜ್ವರ ಬಿಟ್ಟಿತು. ಕೆಂಪು ಈಗ ಗೆರೆಯಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಜೊತೆಗಿದ್ದ ಹೊಸ ಡಾಕ್ಟರಮ್ಮನಿಗೆ ಅದನ್ನೇ ತೋರಿಸಿದರು. ವಾಸಿಯಾಯಿತೆಂದು ಮಾತ್ರೆ ಅರ್ಧಕ್ಕೆ ನಿಲ್ಲಿಸಬಾರದೆಂದು ನನಗೆ ಹೇಳಿ, ಕೇಳಿದರು: "ಬಹಳ ಚೆನ್ನಾಗಿ ಗುರುತು ಮಾಡಿದ್ದಾರೆ. ಯಾರಮ್ಮ ಈ ಗೆರೆ ಎಳೆದದ್ದು?"

ವಾರಗಿತ್ತಿ ಕಾಫಿ ತರಲು ಹೋಗಿದ್ದಳು. ವಾರ್ಡೆಲ್ಲ ನನ್ನತ್ತ ನೋಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಹೊಗಳಲು ಕಾಯುತ್ತಿದ್ದರು.

"ನಾನೇ ಸಾರ್," ಅಂದೆ.

ಅಂದು ತಿರುಗಿದರೆ ಅವಳು ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನನ್ನ ಮುಖದ ನೀರಿಳಿಯಿತು. ಡಾಕ್ಟರು ಅವಳತ್ತ ನೋಡಿದರು. ಅವಳು ನನ್ನನ್ನೊಮ್ಮೆ ನೋಡಿದಳು.

"ಊಂ ಸಾರ್," ಎಂದಳು, "ನಮ್ಮಕ್ಕನೇ ಎಳ್ಕಂಡಿದ್ದು."

ಕಾಫಿ ಬಗ್ಗಿಸಿ ಕೊಟ್ಟಳು. ಕಾಲಿನ ಉರಿ ಇಳಿದಿತ್ತು. ಆ ಸುಳ್ಳನ್ನೂ ನನಗಿಂತ ಚೆನ್ನಾಗಿ ಹೇಳಿದಳಲ್ಲ ಎಂದು ಹೊಟ್ಟೆ ಉರಿಯಿತು.