ಗೌನಿಂಗ್ ಕೋಣೆಯ ಕನ್ನಡ

ಆ ವಾರ, ಪಂಪಾವತಿ ಕನ್ನಡಕ್ಕೆ ತಂದ ಹಾಳೆಯನ್ನು ಓದಿಕೊಂಡು ಹೊಸ ಹುಡುಗ ಹುಡುಗಿಯರು ಗೌನು ತೊಡುವ ಗೌನಿಂಗ್ ಕೋಣೆಗೆ ಹೋದಾಗಲೆಲ್ಲ ಗೋಡೆಯ ಮೇಲಿನ, ಧೂಳಿನ ಕಣ ಎಣಿಸುವ ಯಂತ್ರ ಕೆಂಪು ದೀಪ ಹಚ್ಚುತ್ತಿತ್ತು.

ಹೊಸಪೇಟೆಯಿಂದ ಮರಿಯಮ್ಮನಹಳ್ಳಿಯ ಕಡೆ ಹೋಗುವ ದಾರಿಯಲ್ಲಿ ಆ ಕಾರ್ಖಾನೆ. ಬೇರೆ ಕಡೆ ತಯಾರಾದ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಂದು, ಕೂದಲಿಗಿಂತ ತೆಳುವಾದ ತಂತಿ ಹೊಲಿದು, ಮುಚ್ಚಳ ಹಾಕಿ ಕಳಿಸುವ ಕೆಲಸ. ಮುಚ್ಚಳದೊಳಗೆ ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಚಿಪ್ ಕೆಡಬಹುದು. ಆ ಕೆಲಸ ನಡೆಯುವ ಕ್ಲೀನ್‌ರೂಮಿಗೆ ಯಂತ್ರಗಳಿಗಿಂತ ಹೆಚ್ಚು ಕೊಳೆ ಹೊತ್ತು ತರುವವನು ಮನುಷ್ಯ. ಚರ್ಮ ಉದುರುತ್ತದೆ, ಕೂದಲು ಉದುರುತ್ತದೆ, ಉಸಿರಿನಲ್ಲೂ ಹನಿ ಇರುತ್ತದೆ. ಅದಕ್ಕೇ ಒಳಗೆ ಹೋಗುವ ಮುಂಚೆ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಳ್ಳಬೇಕು, ಅದೂ ಹೇಳಿದ ಕ್ರಮದಲ್ಲೇ.

ಪಂಪಾವತಿ ಮೆಟ್ರಿ ಎಂಬ ಹಳ್ಳಿಯ ಕೂಲಿಕಾರರ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಒಂದು ತರಬೇತಿ ಶಾಲೆಯಲ್ಲಿ ಗುತ್ತಿಗೆಯ ಮೇಲೆ ಪಾಠ ಹೇಳುತ್ತ, ಪ್ರತಿ ಮಾರ್ಚಿಗೆ ಕೆಲಸ ಕಳೆದುಕೊಂಡು ಪ್ರತಿ ಜೂನಿಗೆ ಕೈಮುಗಿದು ವಾಪಸು ಪಡೆಯುತ್ತ ಬದುಕಿದವಳು. ಈಗ ಇಲ್ಲಿನ ಗುಣಮಟ್ಟ ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು. ಕೆಲಸದ ವಿಧಾನವೆಲ್ಲ ಇಂಗ್ಲಿಷಿನಲ್ಲಿತ್ತು. ಹೊಸಬರು ಗೋಣು ಆಡಿಸುತ್ತಿದ್ದರು; ಅರ್ಥವಾದವರ ಗೋಣಲ್ಲ ಅದು ಎಂದು ಮೇಷ್ಟ್ರಿಕೆ ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೆ? ತಾನೇ ವಿಭಾಗದ ಮುಖ್ಯಸ್ಥನ ಬಳಿ ಹೋಗಿ ಕೇಳಿದಳು. "ಕನ್ನಡದಾಗ ಕೊಡೋಣ್ರಿ ಸರ, ನಾ ಬರೀತೀನಿ." ಹಾಗೆ ತಾನೇ ತಲೆ ಒಡ್ಡಿದಳು.

ಈಗ ಆ ಮುಖ್ಯಸ್ಥ, ಮಾರುತೇಶ್, ಅವಳ ಮೇಜಿನ ಮುಂದೆ ನಿಂತಿದ್ದ. ಸಂಡೂರಿನ ಹುಡುಗ, ಎಲ್ಲೆಲ್ಲೋ ಓದಿ ಬಂದವನು.

"ಮೇಡಂ, ಇಂಗ್ಲಿಷ್ ಓದಿದ ಹಳೇ ಬ್ಯಾಚ್ ಹೋದಾಗ ದೀಪ ಹತ್ತಲಿಲ್ಲ. ನಿಮ್ಮ ಕನ್ನಡ ಓದಿದೋರು ಹೋದ್ರ ಹತ್ತತೈತಿ. ಮ್ಯಾಲಿನೋರು ಏನಂತಾರ ಗೊತ್ತಾ? ಲೋಕಲ್ ಮಂದಿಗೆ ಸ್ವಚ್ಛ ಅಂದ್ರ ಗೊತ್ತಿಲ್ಲ, ಹೊರಗಿಂದ ಕರಕೊಂಬರೋಣ ಅಂತಾರ."

"ಹಳೇ ಬ್ಯಾಚ್ ಹೊರಗಿಂದ ಬಂದಿದ್ದು ಸರ."

"ಅದನ್ನೇ ಅಲ್ಲೇನ್ರಿ ಅವರು ಹೇಳೋದು? ನಾಳೆ ಮುಂಜಾನಿ ಕೊನೇ ಟೆಸ್ಟು. ನಾಳೆನೂ ದೀಪ ಹತ್ತಿದ್ರ ಈ ಬ್ಯಾಚ್ ಮನಿಗೆ. ನಿಮ್ಮ ಹಾಳೀನೂ ಗ್ವಾಡಿ ಮ್ಯಾಲಿಂದ ಇಳೀತೈತಿ."

ಕಬ್ಬಿಣದ ಅದಿರಿಗೆಂದು ಬೆಟ್ಟ ಅಗೆದು, ಲಾರಿ ತುಂಬಿ, ಊರೂರಿಗೆ ಕೆಂಪು ಧೂಳು ಸುರಿದ ಕಾಲದಲ್ಲಿ ಒಬ್ಬನೇ ಒಬ್ಬ ಬಂದು ಕಣ ಎಣಿಸಿದ್ದಿಲ್ಲ. ಆ ಧೂಳು ಉಂಡು ಬೆಳೆದವರ ಮೈಯಿಂದ ಇಂದು ಒಂದಿಷ್ಟು ಉದುರಿದರೆ ಯಂತ್ರ ಕೂಗುತ್ತದೆ, ಸ್ವಚ್ಛತೆಯ ಪಾಠ ಶುರುವಾಗುತ್ತದೆ. ಪಂಪಾವತಿಗೆ ಈ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೊಸಬರ ಮುಖಗಳು ಕಣ್ಣೆದುರು ಇದ್ದವು.

ಇಂಗ್ಲಿಷ್ ಹಾಳೆ, ಕನ್ನಡ ಹಾಳೆ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳು ಓಡಿಸಿದಳು. ಅಂಟು ಚಾಪೆಯ ಮೇಲೆ ಕಾಲಿಡುವುದು, ತಲೆಗೆ ಜಾಲರಿ ಟೋಪಿ, ಮಾಸ್ಕು, ಒಳಗಿನ ಕೈಗವಸು, ಮೇಲೆ ತಲೆಯಿಂದ ಹೆಗಲವರೆಗೆ ಮುಚ್ಚುವ ಹುಡ್, ಆಮೇಲೆ ಇಡೀ ಮೈ ಮುಚ್ಚುವ ಕವರಾಲ್ ಗೌನು ತೊಟ್ಟು ಹುಡ್‌ನ ಅಂಚನ್ನು ಅದರೊಳಗೆ ಸೇರಿಸುವುದು. ಬೆಂಚಿನ ಮೇಲೆ ಕೂತು ಒಂದೊಂದೇ ಬೂಟು ಹಾಕಿ ಆ ಕಾಲನ್ನು ಶುದ್ಧ ಬದಿಗೆ ದಾಟಿಸುವುದು. ಕೊನೆಗೆ ಹೊರಗಿನ ಕೈಗವಸು, ತೋಳಿನ ಅಂಚು ಮುಚ್ಚುವಂತೆ. ಒಂದು ಸಾಲೂ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ಬರೀ ಸೌಂದರ್ಯ ಸಾಧನ ಬೇಡ ಎಂದಿದ್ದ ಕಡೆ ಅವಳು ವಿಭೂತಿ, ಕುಂಕುಮ, ಪೌಡರ್, ಕಾಡಿಗೆ ಎಂದು ಬಿಡಿಸಿ ಬರೆದಿದ್ದಳು. ವಿಭೂತಿ ಮೇಕಪ್ಪಲ್ಲ ಎಂದು ಯಾರಾದರೂ ಹಚ್ಚಿಕೊಂಡೇ ಬಂದಾರು ಎಂಬ ಭಯ ಅವಳಿಗೆ ಮೊದಲೇ ಇತ್ತು.

ತಪ್ಪು ಸಿಕ್ಕಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಸಿಗಲಿಲ್ಲ.

ಅಂದು ಮಧ್ಯಾಹ್ನವೇ ಕೈಯಲ್ಲಿ ಹಿಡಿಯುವ ಎಣಿಕೆ ಯಂತ್ರ ಬೇಡಿ ತಂದಳು. ತಾನೂ ಟೋಪಿ, ಮಾಸ್ಕು, ಹುಡ್ ಹಾಕಿಕೊಂಡು ಗೌನಿಂಗ್ ಕೋಣೆಯ ಮೂಲೆಯಲ್ಲಿ ನಿಂತಳು. ಕಂಪ್ಲಿಯ ಶಂಭುಲಿಂಗ, ಸಂಡೂರಿನ ಕಾವ್ಯ ಮೊದಲು ಬಂದರು.

"ಏನಕ್ಕಾ, ನಮ್ಮ ಧೂಳಾ ಅಳೆಯಾಕ ಬಂದೀರೇನು?" ಎಂದ ಶಂಭುಲಿಂಗ. ಮುಖ ಒರೆಸಿಕೊಂಡಿದ್ದ; ಖಾಲಿ ಹಣೆಯ ಮೇಲೆ ಅವನ ಕೈ ಆಗಾಗ ಹೋಗಿ ಬರುತ್ತಿತ್ತು. "ವಿಭೂತಿನೂ ಅಳಿಸೀನ್ರಿ. ಅವ್ವ ನೋಡಿದ್ರ ಮನಿ ಒಳಗ ಬಿಟ್ಕೊಳ್ಳಂಗಿಲ್ಲ."

"ಮಾತು ಕಮ್ಮಿ ಮಾಡೋ. ಮಾತಾಡಿದ್ರೂ ಏರತೈತಿ ಅದು."

ಟೋಪಿ ಹಾಕುವಾಗ ಅಂಕಿ ಏರಲಿಲ್ಲ, ಹುಡ್‌ಗೂ ಏರಲಿಲ್ಲ. ಕಾವ್ಯ ಚೀಲ ಹರಿದು ಕವರಾಲ್ ತೆಗೆದಳು. ಎರಡೂ ಹೆಗಲು ಹಿಡಿದು 'ಫಟ್' ಎಂದು ಒಮ್ಮೆ ಕೊಡವಿ, ಕಾಲು ತೂರಿಸಿದಳು. ಪಂಪಾವತಿಯ ಕೈಯಲ್ಲಿದ್ದ ಯಂತ್ರದ ಅಂಕಿ ಚಂಗನೆ ಹಾರಿತು. ಪಕ್ಕದಲ್ಲಿ ಶಂಭುಲಿಂಗನೂ 'ಫಟ್' ಎನಿಸಿದ. ಮತ್ತೆ ಹಾರಿತು.

"ಕಾವ್ಯ, ಈಗ ಏನ್ ಮಾಡಿದಿ?"

"ಏನೂ ಇಲ್ಲಕ್ಕಾ. ಹಾಕ್ಕೊಂಡೆ."

"ಹಾಕ್ಕೊಳ್ಳೋಕಿಂತ ಮುಂಚೆ?"

"ಏನೂ ಮಾಡಿಲ್ರಿ. ಹಾಳಿಯೊಳಗ ಇದ್ದಂಗ ಮಾಡೀನಿ." ಹುಡುಗಿಯ ಕಣ್ಣು ತುಂಬಿತ್ತು.

ಸುಳ್ಳಲ್ಲ ಅದು. ಗಣಿಯ ಲಾರಿ ಓಡಾಡುವ ಊರಿನಲ್ಲಿ ತಂತಿಯ ಮೇಲಿನ ಬಟ್ಟೆಯನ್ನು ಕೊಡವದೆ ಯಾರು ಮೈಗೆ ಹಾಕುತ್ತಾರೆ? ಅದು ಕೈಗೆ ಬಂದ ಗುಣ, ತಲೆಗೆ ಗೊತ್ತಾಗುವುದೇ ಇಲ್ಲ. ಹೊರಗೆ ಧೂಳು ಬಿಡಿಸುವ ಆ ಹೊಡೆತ ಇಲ್ಲಿ ನೆಲದ ಕಣಗಳನ್ನೂ, ಮೈಮೇಲಿನ ಸಾದಾ ಬಟ್ಟೆಯ ಎಳೆಗಳನ್ನೂ ಗಾಳಿಗೆ ಎಬ್ಬಿಸುತ್ತಿತ್ತು. ಪಂಪಾವತಿ ತನ್ನ ಕವರಾಲ್ ಕೈಗೆತ್ತಿಕೊಂಡಳು. ಎಲ್ಲ ಗೊತ್ತಿದ್ದೂ ಅವಳ ಮಣಿಕಟ್ಟು ಮೇಲೆದ್ದಿತ್ತು. ತಡೆದು ನಿಲ್ಲಿಸಬೇಕಾಯಿತು.

ಇಂಗ್ಲಿಷಿನಲ್ಲಿದ್ದುದು 'ಮಡಿಕೆ ಬಿಚ್ಚಿ, ನೆಲಕ್ಕೆ ತಾಗದಂತೆ ತೊಡಿ' ಎಂದಷ್ಟೆ. ಕೊಡವಬೇಡಿ ಎಂದು ಬರೆಯಬೇಕೆಂದು ಅದನ್ನು ಬರೆದವರಿಗೆ ತೋಚಿರಲಿಲ್ಲ.

'ಕೊಡವಬೇಡಿ' ಎಂಬ ಸಾಲು ಸೇರಿಸಬೇಕೆಂದು ಅವಳು ಹೋಗಿ ಹೇಳಿದ್ದನ್ನು ಮಾರುತೇಶ್ ಕೇಳಿಸಿಕೊಂಡ. ಅವನ ಮುಖ ಸಡಿಲಾಗಲಿಲ್ಲ.

"ಮೂಲದಾಗ ಇಲ್ಲದ ಸಾಲು ಅನುವಾದದಾಗ ಹೆಂಗ ಹಾಕ್ತೀರಿ? ಆಡಿಟ್‌ನೋರು ಬಂದು ಇದು ಎಲ್ಲಿಂದ ಬಂತು ಅಂದ್ರ?"

"ಇಲ್ಲಿಂದ ಅಂತ ಹೇಳ್ರಿ."

"ಮೂಲ ತಿದ್ದಾಕ ಮುಖ್ಯ ಕಚೇರಿ ಒಪ್ಪಬೇಕು. ತಿಂಗಳಾಗತೈತಿ."

"ಟೆಸ್ಟು ನಾಳೆ ಐತಿ ಸರ. ತಾತ್ಕಾಲಿಕ ಬದಲಾವಣೆ ಅಂತ ಸಹಿ ಹಾಕಾಕ ನಿಮಗ ಅಧಿಕಾರ ಐತಿ. ಮಂದಿ ಹೊಲಸಲ್ಲ, ಹಾಳಿ ಅರ್ಧ ಐತಿ ಅಂತ ಯಾರಾದ್ರೂ ಒಬ್ಬರು ಬರೀಬೇಕಲ್ಲ."

ಅವನು ಪೆನ್ನಿನ ಮುಚ್ಚಳ ತೆಗೆದ. ನಾಳೆ ದೀಪ ಹತ್ತಿದರೆ ಈ ಸಹಿ ತನ್ನ ಕೊರಳಿಗೂ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಸಹಿ ಹಾಕಿದ.

"ನಮ್ಮಪ್ಪನ ಅಂಗಿ ಝಾಡಿಸಿದ್ರ ಅಂಗಳಾ ಕೆಂಪಾಗ್ತಿತ್ರಿ," ಎಂದ, ತಲೆ ಎತ್ತದೆ.

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹೊಸ ಹಾಳೆ: 'ಕವರಾಲ್ ಕೊಡವಬೇಡಿ. ಅದರ ತೋಳು, ಕಾಲು ಮುಷ್ಟಿಯಲ್ಲಿ ಸುತ್ತಿ ಹಿಡಿದು, ಮೆಲ್ಲಗೆ ಒಂದೊಂದೇ ಮಡಿಕೆ ಬಿಚ್ಚಿ.' ಪಂಪಾವತಿ ಗಾಜಿನಾಚೆ ನಿಂತಿದ್ದಳು.

ಕಾವ್ಯ ಚೀಲ ಹರಿದಳು. ಹೆಗಲು ಹಿಡಿದಳು. ಮಣಿಕಟ್ಟು ಮೇಲೆದ್ದಿತು, ಅಲ್ಲೇ ನಿಂತಿತು. ಹಸುಗೂಸಿನ ಬಟ್ಟೆ ಬಿಚ್ಚುವಂತೆ ಮಡಿಕೆ ಬಿಚ್ಚಿ ಒಂದು ಕಾಲು ಇಳಿಸಿದಳು. ಅವಳ ಹಿಂದೆ ಶಂಭುಲಿಂಗ, ಅವನ ಹಿಂದೆ ಉಳಿದವರು. ದೀಪ ಹಸಿರೇ ಇತ್ತು. ಕೊನೆಯವನು ಬೆಂಚು ದಾಟಿ, ಉಳಿದ ಕಣ ಹಾರಿಸಲು ಗಾಳಿ ಬೀಸುವ ಪೆಟ್ಟಿಗೆಯೊಳಗೆ ಹೋಗಿ, ಆಚೆ ಬಾಗಿಲು ಮುಚ್ಚಿಕೊಳ್ಳುವವರೆಗೂ ಪಂಪಾವತಿ ದೀಪದಿಂದ ಕಣ್ಣು ತೆಗೆಯಲಿಲ್ಲ.

ಮಾರುತೇಶ್ ಪಕ್ಕಕ್ಕೆ ಬಂದ. "ಮೇಡಂ, ಆ ಸಾಲು ಈಗ ಇಂಗ್ಲಿಷಿಗೆ ಮಾಡಿಕೊಡ್ರಿ. ಮುಖ್ಯ ಕಚೇರಿಗೆ ಕಳಿಸಬೇಕು. ಯಾಕ ಅಂತ ಕಾರಣಾನೂ ಬರೀರಿ."

"ಕಾರಣ ಉದ್ದ ಆಗತೈತಿ ಸರ. ಗಣಿ ಧೂಳಿನಿಂದ ಶುರು ಮಾಡಬೇಕು."

"ಆಗಲಿ ಬಿಡ್ರಿ," ಎಂದ ಅವನು.