ಅಂಚಿನಲ್ಲಿ ಬರೆದದ್ದು

ಹ್ಯಾಂಡ್‌ಪೋಸ್ಟ್‌ ಸರ್ಕಲ್ಲಿನಲ್ಲಿ ಬಸ್ಸಿಳಿದು ‘ಫಾರಿನ್ ಇಂಗ್ಲಿಷ್ ಮಿಸ್ ಎಲ್ಲಿ’ ಎಂದರೆ ಸಾಕು, ಕಂಠಪ್ಪನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯತ್ತ ನಾಲ್ಕು ಕೈ ತೋರಿಸುತ್ತವೆ. ಪದ್ಮಶ್ರೀಗೆ ಈ ಬಿರುದು ಅಷ್ಟೇನೂ ಇಷ್ಟವಿಲ್ಲ. ಆಕೆ ಫಾರಿನ್ ಇರಲಿ, ಮೈಸೂರು ದಾಟಿ ಹೋದದ್ದೇ ಎರಡು ಸಲ. ಕಟ್ಟೆಮಳಲವಾಡಿಯಲ್ಲಿ ಅಪ್ಪ ಮಹದೇವಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದರೆ, ಅದರ ಬಾಗಿಲಲ್ಲಿ ಕೂತು ಹಳೇ ಪೇಪರನ್ನು ಗಟ್ಟಿಯಾಗಿ ಓದಿ ಓದಿ ಇಂಗ್ಲಿಷ್ ಕಲಿತವಳು. ಹನ್ನೊಂದು ವರ್ಷ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದಳು. ಕೊರೋನಾ ವರ್ಷ ಪರದೆಯ ಮೇಲಿನ ನಲವತ್ತು ಕಪ್ಪು ಚೌಕಗಳ ಮುಂದೆ ಕೂತು, ಯಾರು ಕೇಳುತ್ತಿದ್ದಾರೆ ಯಾರು ಮಲಗಿದ್ದಾರೆ ಗೊತ್ತಾಗದೆ ಗಂಟಲು ಹರಿದುಕೊಂಡಳು. ಆಮೇಲೆ ಕಾಲೇಜು ಅವಳನ್ನು ಕರೆಯಲೇ ಇಲ್ಲ.

ಈಗ ಅವಳ ಶಿಷ್ಯರೆಲ್ಲ ನರ್ಸುಗಳು. ಇಂಗ್ಲೆಂಡಿನ ಆಸ್ಪತ್ರೆಗೆ ಹೋಗಬೇಕಾದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಒಂಬತ್ತಕ್ಕೆ ಆರೂವರೆ, ಉಳಿದ ಮೂರರಲ್ಲಿ ಏಳು ಅಂಕ ಬೇಕು. ಕೇಳುವುದು, ಓದುವುದು, ಮಾತಾಡುವುದು ಹೇಗೋ ದಾಟುತ್ತಿದ್ದರು. ನಲವತ್ತು ನಿಮಿಷದಲ್ಲಿ ಇನ್ನೂರೈವತ್ತು ಪದದ ಪ್ರಬಂಧ ಬರೆ ಎಂದರೆ ಮಾತ್ರ ಎಲ್ಲರ ಮುಖ ಬಾಡುತ್ತಿತ್ತು.

ಅದಕ್ಕೇ ಪದ್ಮಶ್ರೀ ಒಂದು ಮಾದರಿ ಬರೆದಳು. ವಿಷಯ: ಆನ್‌ಲೈನ್ ಪಾಠ ತರಗತಿಯ ಜಾಗ ತುಂಬಬಲ್ಲದೇ? ಪುಟದ ನಡುವೆ ನೀಲಿ ಶಾಯಿಯಲ್ಲಿ ಪ್ರಬಂಧ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಟಿಪ್ಪಣಿ. ಮೊದಲ ಪ್ಯಾರಾದ ಪಕ್ಕ, ‘ನಿಲುವು ಇಲ್ಲೇ ಸ್ಪಷ್ಟ, ಕೊನೆವರೆಗೂ ಬದಲಾಗಿಲ್ಲ ನೋಡಿ.’ ಎರಡನೆಯದರ ಪಕ್ಕ, ‘ಎದುರು ವಾದಕ್ಕೂ ಮರ್ಯಾದೆ: ಆನ್‌ಲೈನ್ ದೂರದವರನ್ನು ತಲುಪುತ್ತದೆ ಎಂದು ಒಪ್ಪಿ, ಆಮೇಲೆ ಅದರ ಮಿತಿ ಹೇಳಿದೆ. ಪ್ಯಾರಾಗೆ ಒಂದೇ ಮುಖ್ಯ ವಿಚಾರ.’ ಇನ್ನೊಂದು ಕಡೆ, ‘ಪ್ರತಿ ವಾಕ್ಯಕ್ಕೂ “ಮತ್ತು”, “ಆದ್ದರಿಂದ” ಅಂಟಿಸಿಲ್ಲ. ಆದರೂ ಕೊಂಡಿ ಕಳಚಿಲ್ಲ.’

ಮೂರನೇ ಪ್ಯಾರಾಗೆ ಗಟ್ಟಿ ಉದಾಹರಣೆ ಬೇಕಿತ್ತು. ಅದು ಶಿಷ್ಯೆ ಕಾವ್ಯಾ ಕೊಟ್ಟದ್ದು.

ಕಾವ್ಯಾಳದ್ದು ಎನ್. ಬೇಗೂರಿನ ಆಚೆ, ಕಾಡಂಚಿನ ಗಿರಿಜನ ಹಾಡಿ; ಆ ಹಾಡಿಯ ಮೊದಲ ನರ್ಸು ಅವಳು. ಲಾಕ್‌ಡೌನಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಆನೆ ಕಾಯುವ ಅಟ್ಟಣೆಯ ಮೇಲೆ ಮಾತ್ರ. ಅಲ್ಲಿ ಕೂತೇ ಇಂಜೆಕ್ಷನ್ ಕೊಡುವುದನ್ನು ವಿಡಿಯೋದಲ್ಲಿ ನೂರು ಸಲ ನೋಡಿದಳಂತೆ. ಆಮೇಲೆ ನಿಜವಾದ ತೋಳಿನ ಮುಂದೆ ನಿಂತಾಗ ಅವಳ ಕೈ ಗಡಗಡ. ಹಿರಿಯ ಸಿಸ್ಟರ್ ಬಂದು ಮಣಿಕಟ್ಟು ಹಿಡಿದ ಮೇಲೇ ಅದು ನಿಂತದ್ದು. ‘ಪರದೆ ಕೈಯನ್ನು ತೋರಿಸಬಲ್ಲದು, ಹಿಡಿಯಲಾರದು’ ಎಂದು ಪದ್ಮಶ್ರೀ ಇಂಗ್ಲಿಷಿನಲ್ಲಿ ಬರೆದು, ಕಾವ್ಯಾ ‘ನಾನು’ ಎಂದಲ್ಲೆಲ್ಲ ‘ಕಾಡಂಚಿನ ಒಬ್ಬ ವಿದ್ಯಾರ್ಥಿನಿ’ ಎಂದು ಮಾಡಿ, ಅಂಚಿನಲ್ಲಿ ಎರಡು ಗೆರೆ ಎಳೆದು ಬರೆದಳು: ‘ಇದನ್ನು ಬಾಯಿಪಾಠ ಮಾಡಬೇಡಿ. ಉದಾಹರಣೆ ನಿಮ್ಮದೇ ಇರಲಿ, ಮಾತೂ ನಿಮ್ಮದೇ ಇರಲಿ.’

ಹನ್ನೆರಡು ಪ್ರತಿ ತೆಗೆಯಲು ಕಂಠಪ್ಪನಿಗೆ ಕೊಟ್ಟಳು. ಅವನದ್ದೊಂದು ಪದ್ಧತಿ. ಅಂಗಡಿಗೆ ಬಂದ ಯಾವ ನೋಟ್ಸೇ ಆಗಲಿ, ಒಂದು ಪ್ರತಿ ತನ್ನ ಫೈಲಿಗೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ‘ಏನಾದ್ರೂ ಇದೆಯಾಣ್ಣ’ ಎಂದು ಬರುತ್ತಾರಲ್ಲ, ಪಾಪ, ಬರಿಗೈಲಿ ಹೋಗಬಾರದು.

ಪ್ರತಿಗಳು ಬಂದಾಗ ಅಂಚು ಬೆಳ್ಳಗಿತ್ತು.

“ಕೆಂಪಿಂಕು ಜೆರಾಕ್ಸಲ್ಲಿ ಕರ್ರಗೆ ಬತ್ತದೆ ಕಣ್ ಮೇಡಂ. ಅದ್ಕೇ ಪಕ್ಕಕ್ಕೆ ಪೇಪರ್ ಪಟ್ಟಿ ಇಟ್ಟು ತೆಗ್ದೆ. ಎಂಗೆ ಬಂದದೆ ನೋಡಿ, ಕ್ಲೀನಾಗಿ!”

ಬೈಯಬೇಕೆನಿಸಿತು. ಆದರೆ ಅವನ ಮುಖದಲ್ಲಿ ಅಷ್ಟು ಹೆಮ್ಮೆ. ಬಿಡು, ಟಿಪ್ಪಣಿಯನ್ನು ಬಾಯಲ್ಲೇ ಹೇಳಿದರಾಯಿತು ಎಂದುಕೊಂಡು ಮೇಲೆ ಹೋಗಿ ಹೇಳಿದಳು. ಹನ್ನೆರಡು ತಲೆಗಳು ಅಲ್ಲಾಡಿದವು. ಫೈಲಿನಲ್ಲಿ ಉಳಿದ ಹದಿಮೂರನೆಯ ಹಾಳೆಗೆ ಹೇಳುವವರು ಯಾರೂ ಇರಲಿಲ್ಲ.

ತಿಂಗಳೊಳಗೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಗುನುಗುತ್ತಿದ್ದದ್ದು ಕಿವಿಗೆ ಬಿತ್ತು: ‘ಕಾಡಂಚಿನ ಒಬ್ಬ ವಿದ್ಯಾರ್ಥಿನಿ…’ ಪದ್ಮಶ್ರೀಗೆ ಕಂಠಪ್ಪನ ಫೈಲು ನೆನಪಾಯಿತು. ಅದರ ಮುಂದಿನ ವಾರ ತನ್ನದೇ ತರಗತಿಯ ಸಾಗರ್, ಕೆ.ಆರ್. ನಗರದಿಂದ ಬರುವ ಹುಡುಗ, ‘ಗ್ರಂಥಾಲಯಗಳು ಬೇಕೇ’ ಎಂಬ ಪ್ರಶ್ನೆಯನ್ನೂ ಆನೆ ಅಟ್ಟಣೆ ಹತ್ತಿಸಿಬಿಟ್ಟಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕು, ಆಮೇಲೆ ಎಚ್ಚರಿಸಿದಳು.

“ಗಿಣಿಪಾಠ ಒಪ್ಪಿಸಿದ್ರೆ ಪರೀಕ್ಷಕರಿಗೆ ಗೊತ್ತಾಗುತ್ತೆ. ಅಂಥ ಭಾಗಕ್ಕೆ ಬೆಲೆ ಇಲ್ಲ. ಪೂರ್ತಿ ಬಾಯಿಪಾಠ ಅಂತ ಸಾಬೀತಾದ್ರೆ ಸೊನ್ನೇನೇ.”

“ಆಯ್ತು ಮಿಸ್,” ಎಂದ ಸಾಗರ್. ಆ ‘ಆಯ್ತು’ ಎಂಥದ್ದೆಂದು ಹದಿನೈದು ವರ್ಷ ಪಾಠ ಹೇಳಿದವಳಿಗೆ ತಿಳಿಯದೇ?

ಕಾವ್ಯಾಳ ಪರೀಕ್ಷೆಗೆ ನಾಲ್ಕು ದಿನವಿತ್ತು. ತಿಂಗಳ ಕೊನೆಯೊಳಗೆ ಅಂಕ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಇಂಗ್ಲೆಂಡಿನ ಆಸ್ಪತ್ರೆಯವರು ಬರೆದಿದ್ದರು. ‘ಆ ಕತೆ ಊರೆಲ್ಲ ಹರಿದಿದೆ, ಅದನ್ನು ಮುಟ್ಟಬೇಡ’ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿದರೆ ‘ನನ್ ಕತೆ ಊರೆಲ್ಲ ಎಂಗೋಯ್ತು ಮಿಸ್’ ಎಂದು ಕೇಳುತ್ತಾಳೆ. ನನ್ನ ಹಾಳೆಯಿಂದಲೇ ಎನ್ನಬೇಕಾಗುತ್ತದೆ. ಸಾವಿರ ವಿಷಯಗಳಿರುವಾಗ ಇದೇ ಬರುತ್ತದೆಯೇ, ಸುಮ್ಮನೆ ಹುಡುಗಿಯ ಧೈರ್ಯ ಯಾಕೆ ಕೆಡಿಸುವುದು ಎಂದು ಪದ್ಮಶ್ರೀ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ನಾಚಿಕೆಯಾಗಿತ್ತು, ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಅಡಿಕೆಯಷ್ಟು ನಾಚಿಕೆ ನುಂಗಿದ್ದರೆ ಆಗುತ್ತಿತ್ತು.

ಶನಿವಾರ ಮಧ್ಯಾಹ್ನ ಪರೀಕ್ಷೆ ಮುಗಿಸಿದ ಕಾವ್ಯಾ ಮೈಸೂರಿನಿಂದ ಫೋನು ಮಾಡಿದಳು.

“ಮಿಸ್! ನಮ್ದೇ ಬಂತು! ಆನ್‌ಲೈನ್ ಕ್ಲಾಸ್ ನಮ್ದೇ! ಕಣ್ಮುಚ್ಚಿ ಬರ್ದೆ ಮಿಸ್!”

ಕೆಳಗೆ ಕಂಠಪ್ಪನ ಮೆಷಿನ್ನು ಸರಕ್ ಸರಕ್ ಎಂದು ಓಡುತ್ತಿತ್ತು. “ಒಳ್ಳೇದಾಯ್ತು ಕಣಮ್ಮ” ಎಂದಳು ಪದ್ಮಶ್ರೀ. ಅವಳ ಜೊತೆಗೇ ಪರೀಕ್ಷೆ ಬರೆದಿದ್ದ ಸಾಗರ್ ಫೋನಿನಾಚೆ “ನಂಗೂ ಅದೇ ಮಿಸ್” ಎಂದು ಕೂಗುತ್ತಿದ್ದ.

ಫಲಿತಾಂಶಕ್ಕೆ ನಾಲ್ಕು ದಿನವಿತ್ತು. ಫೋನು ಸದ್ದು ಮಾಡಿದಾಗಲೆಲ್ಲ ಪದ್ಮಶ್ರೀ ಪಾಠ ನಿಲ್ಲಿಸಿ ನೋಡುತ್ತಿದ್ದಳು.

ಬುಧವಾರ ಕಾವ್ಯಾ ತಾನೇ ಬಂದಳು, ಆಸ್ಪತ್ರೆಯ ಡ್ಯೂಟಿ ಮುಗಿಸಿ, ಬಿಳಿ ಬಟ್ಟೆಯಲ್ಲೇ. ಫೋನನ್ನು ಮೇಜಿನ ಮೇಲಿಟ್ಟಳು. ಕೇಳುವುದು ಏಳೂವರೆ, ಓದುವುದು ಏಳು, ಮಾತು ಏಳು. ಬರವಣಿಗೆ ಐದು. ಕಾರಣವನ್ನು ಆ ಅಂಕಪಟ್ಟಿ ಹೇಳುವುದಿಲ್ಲ, ಬರೀ ಅಂಕ. ಸಾಗರನಿಗೂ ಐದೇ ಬಂದಿತ್ತು.

ಪದ್ಮಶ್ರೀ ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಹದಿಮೂರನೆಯ ಪ್ರತಿ, ಪಟ್ಟಿ ಮುಚ್ಚಿದ ಅಂಚು, ಹುಣಸೂರಿನ ಹುಡುಗಿ, ಎಲ್ಲವನ್ನೂ. ‘ಮತ್ತೆ ಬರೀಬಹುದು ಕಣಮ್ಮ’ ಎಂದಳು. ತಿಂಗಳ ಕೊನೆಗೆ ಆರು ದಿನ ಉಳಿದಿತ್ತು; ಅಷ್ಟರಲ್ಲಿ ಹೊಸ ದಿನಾಂಕ ಸಿಕ್ಕಿ ಅಂಕವೂ ಬರುವಂತಿರಲಿಲ್ಲ. ಆ ಮಾತು ಅವಳ ಕಿವಿಗೇ ಟೊಳ್ಳಾಗಿ ಕೇಳಿಸಿತು.

ಮೂಲ ಹಾಳೆಯನ್ನು ಕಪಾಟಿನಿಂದ ತೆಗೆದು ಮುಂದಿಟ್ಟಳು. ಕಾವ್ಯಾ ಕೆಂಪು ಅಕ್ಷರಗಳನ್ನು ಬೆರಳಿಟ್ಟು ಓದಿದಳು. ಎರಡು ಗೆರೆ ಎಳೆದ ಕಡೆ ಬೆರಳು ನಿಂತಿತು.

“ಪರೀಕ್ಷೇಲಿ ಮೊದ್ಲು ‘ನಾನು’ ಅಂತ್ಲೇ ಟೈಪ್ ಮಾಡಿದ್ದೆ ಮಿಸ್,” ಎಂದಳು. “ನಾನು ಅಟ್ಟಣೆ ಮೇಲ್ ಕುಂತಿದ್ದೆ, ನನ್ ಕೈ ನಡುಗ್ತು ಅಂತ. ಆಮೇಕೆ, ನಮ್ ಇಂಗ್ಲಿಷು ಯಾಕೆ, ಮಿಸ್‌ದೇ ಚೆಂದಾಗದೆ ಅನ್ಕಂಡು ಅಳ್ಸಾಕ್ಬುಟ್ಟೆ. ‘ಕಾಡಂಚಿನ ಒಬ್ಬ ವಿದ್ಯಾರ್ಥಿನಿ’ ಅಂತ ಬರ್ದೆ.”